ವಿದೇಶಿ ಮಾರುಕಟ್ಟೆಗೆ ಒಂದೇ ಸಂದೇಶವೇ, ದೇಶಕ್ಕೊಂದು ಸಂದೇಶವೇ?

ಒಂದಕ್ಕಿಂತ ಹೆಚ್ಚು ದೇಶಗಳಿಗೆ ಸರಕು ಕಳುಹಿಸುವ ಪ್ರತಿಯೊಂದು ಸಂಸ್ಥೆಯೂ ಒಂದಲ್ಲ ಒಂದು ಹಂತದಲ್ಲಿ ಈ ಪ್ರಶ್ನೆಯನ್ನು ಎದುರಿಸುತ್ತದೆ. ಪೊಟ್ಟಣದ ಮೇಲಿನ ಬರಹ, ಚಿತ್ರ ಮತ್ತು ಜಾಹೀರಾತಿನ ಮಾತು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರಬೇಕೆ ಅಥವಾ ಆಯಾ ದೇಶದ ಭಾಷೆ ಮತ್ತು ರೂಢಿಗೆ ತಕ್ಕಂತೆ ಬದಲಾಗಬೇಕೆ? ಮೊದಲನೆಯ ಕ್ರಮವನ್ನು ಏಕರೂಪತೆ ಎಂದೂ ಎರಡನೆಯದನ್ನು ಮಾರ್ಪಾಡು ಎಂದೂ ಕರೆಯಬಹುದು.

ಹಾರ್ವರ್ಡ್‌ನ ಪ್ರಾಧ್ಯಾಪಕ ಥಿಯೊಡೋರ್ ಲೆವಿಟ್ 1983ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಏಕರೂಪತೆಯ ಪರವಾಗಿ ವಾದಿಸಿದರು. ಸಾರಿಗೆ ಮತ್ತು ಸಂಪರ್ಕ ಸಾಧನಗಳಿಂದ ಜಗತ್ತಿನ ಜನರ ಅಭಿರುಚಿಗಳು ಒಂದರ ಸಮೀಪಕ್ಕೆ ಇನ್ನೊಂದು ಬರುತ್ತಿವೆ. ಆದ್ದರಿಂದ ಒಂದೇ ಬಗೆಯ ಸರಕನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಕಡಿಮೆ ಬೆಲೆಗೆ ಮಾರುವವನೇ ಗೆಲ್ಲುತ್ತಾನೆ ಎಂಬುದು ಅವರ ವಾದದ ತಿರುಳು. ಈ ವಾದದ ಬಲವಿರುವುದು ವೆಚ್ಚದ ಉಳಿತಾಯದಲ್ಲಿ. ಅದರ ಮಿತಿಯಿರುವುದು ಗ್ರಾಹಕನು ಸಂದೇಶವನ್ನು ಅರ್ಥ ಮಾಡಿಕೊಳ್ಳುವ ರೀತಿಯಲ್ಲಿ.

ಒಂದೇ ಕಲ್ಪನೆ, ಮೂರು ರೂಪ

ಈ ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ನಿಯಮವಿಲ್ಲ ಎಂಬುದನ್ನು ಕೋಕಾ-ಕೋಲಾ ಸಂಸ್ಥೆಯ ‘ಶೇರ್ ಎ ಕೋಕ್’ ಪ್ರಚಾರ ಸ್ಪಷ್ಟಪಡಿಸುತ್ತದೆ. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಈ ಪ್ರಚಾರದಲ್ಲಿ ಆ ದೇಶದ 150 ಜನಪ್ರಿಯ ಹೆಸರುಗಳನ್ನು ಬಾಟಲಿಗಳ ಮೇಲೆ ಮುದ್ರಿಸಲಾಯಿತು. ಗ್ರಾಹಕನು ಸ್ನೇಹಿತನ ಹೆಸರಿರುವ ಬಾಟಲಿಯನ್ನು ಹುಡುಕಿ ಕೊಂಡು ಅವನಿಗೆ ಕೊಡಬೇಕು ಎಂಬುದು ಸಂದೇಶ. ವಯಸ್ಸು ಅಥವಾ ಸ್ಥಾನಮಾನದ ಅಂತರವನ್ನು ಹೆಚ್ಚಾಗಿ ಎಣಿಸದೆ ಪರಸ್ಪರ ಹೆಸರು ಹಿಡಿದು ಕರೆಯುವ ಸಮಾಜದಲ್ಲಿ ಇದು ಸುಲಭವಾಗಿ ನಡೆಯಿತು.

2013ರಲ್ಲಿ ಇದೇ ಪ್ರಚಾರ ಚೀನಾಕ್ಕೆ ಹೋದಾಗ ಹೆಸರುಗಳನ್ನು ಕೈಬಿಡಲಾಯಿತು. ಚೀನಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ವ್ಯಕ್ತಿಯ ಸ್ವಂತ ಹೆಸರನ್ನಷ್ಟೇ ಹಿಡಿದು ಕರೆಯುವುದು ಹೆಚ್ಚಾಗಿ ಆಪ್ತರಿಗೆ ಮೀಸಲು. ಅಲ್ಲದೆ ಸ್ವಂತ ಹೆಸರುಗಳ ವೈವಿಧ್ಯ ಎಷ್ಟಿದೆಯೆಂದರೆ, ಕೆಲವು ನೂರು ಹೆಸರುಗಳನ್ನು ಮುದ್ರಿಸಿದರೂ ಬಹುಪಾಲು ಗ್ರಾಹಕರು ಹೊರಗುಳಿಯುತ್ತಾರೆ. ಆದ್ದರಿಂದ ‘ಭೋಜನಪ್ರಿಯ’, ‘ಆಪ್ತ ಗೆಳತಿ’ ಎಂಬ ಅರ್ಥದ, ಅಲ್ಲಿನ ಯುವಜನರು ಬಳಸುತ್ತಿದ್ದ ಅಡ್ಡಹೆಸರುಗಳನ್ನು ಮುದ್ರಿಸಲಾಯಿತು. ಭಾರತದಲ್ಲಿ 2018ರಲ್ಲಿ ಹೆಸರಿನ ಬದಲು ತಂದೆ, ಅಜ್ಜ ಮುಂತಾದ ಸಂಬಂಧಸೂಚಕ ಪದಗಳು ಹಲವು ಭಾಷೆಗಳಲ್ಲಿ ಕಾಣಿಸಿಕೊಂಡವು. ಹಿರಿಯರನ್ನು ಹೆಸರು ಹಿಡಿದು ಕರೆಯದ ನಾಡಿನಲ್ಲಿ ಅಜ್ಜನಿಗೆ ಕೊಡುವ ಬಾಟಲಿಯ ಮೇಲೆ ಅಜ್ಜನ ಹೆಸರು ಒಪ್ಪುವುದಿಲ್ಲ ಎಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಮೂರೂ ಕಡೆ ಬದಲಾಗದೆ ಉಳಿದದ್ದು ಕಲ್ಪನೆ, ಕೆಂಪು ಬಣ್ಣ ಮತ್ತು ‘ಇನ್ನೊಬ್ಬರಿಗೆ ಕೊಡಿ’ ಎಂಬ ಕೋರಿಕೆ. ಬದಲಾದದ್ದು ಸಂಬೋಧನೆ ಮಾತ್ರ. ಒಬ್ಬರನ್ನೊಬ್ಬರು ಕರೆಯುವ ರೀತಿಯಲ್ಲಿಯೇ ಈ ಸಮಾಜಗಳ ನಡುವಿನ ವ್ಯತ್ಯಾಸವಿತ್ತು. ಮಾರ್ಪಾಡು ಅಲ್ಲಿಗೇ ಸೀಮಿತವಾಯಿತು.

ತಪ್ಪು ಎಲ್ಲಿ ಅಡಗಿರುತ್ತದೆ

ಸಂದೇಶ ಕೆಡುವುದು ಅನುವಾದದಿಂದ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದಕ್ಕೆ ಷೆವರ್ಲೆಯ ‘ನೋವಾ’ ಕಾರಿನ ಕಥೆಯನ್ನು ಉದಾಹರಿಸುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ನೋ ವಾ’ ಎಂದರೆ ‘ಹೋಗುವುದಿಲ್ಲ’ ಎಂದರ್ಥವಾದ್ದರಿಂದ ಆ ಕಾರನ್ನು ಲ್ಯಾಟಿನ್ ಅಮೆರಿಕದಲ್ಲಿ ಯಾರೂ ಕೊಳ್ಳಲಿಲ್ಲ ಎಂಬುದು ಕಥೆ. ಇದು ನಿಜವಲ್ಲ. ಮೆಕ್ಸಿಕೊ ಮತ್ತು ವೆನೆಜುವೆಲಾದಲ್ಲಿ ಆ ಕಾರು ಚೆನ್ನಾಗಿಯೇ ಮಾರಾಟವಾಯಿತು. ಮೆಕ್ಸಿಕೊದ ಸರ್ಕಾರಿ ತೈಲ ಸಂಸ್ಥೆ ಪೆಮೆಕ್ಸ್ ‘ನೋವಾ’ ಎಂಬ ಹೆಸರಿನಲ್ಲಿಯೇ ಪೆಟ್ರೋಲ್ ಮಾರುತ್ತಿತ್ತು. ಒಂದೇ ಪದವಾಗಿ ಉಚ್ಚರಿಸಿದಾಗ ಗ್ರಾಹಕನಿಗೆ ಆ ಶ್ಲೇಷೆ ಕೇಳಿಸುವುದಿಲ್ಲ.

ಹೆಚ್ಚಿನ ಅಪಾಯವಿರುವುದು ಅನುವಾದದ ಅಗತ್ಯವೇ ಇಲ್ಲವೆಂದು ಭಾವಿಸುವ ಚಿತ್ರಗಳಲ್ಲಿ. ಪ್ಯಾಂಪರ್ಸ್ ಡಯಾಪರ್‌ಗಳಿಗೆ ಜಪಾನಿನಲ್ಲಿ ಕೊಕ್ಕರೆಯ ಚಿತ್ರ ಬಳಸಿದಾಗ ತಾಯಂದಿರು ಗೊಂದಲಗೊಂಡರು. ಕೊಕ್ಕರೆ ಮಗುವನ್ನು ತರುತ್ತದೆಂಬ ಕಥೆ ಯುರೋಪ್ ಮತ್ತು ಅಮೆರಿಕದ್ದು. ಜಪಾನಿನ ಜನಪದ ಕಥೆಯಲ್ಲಿ ಮಗು ಬರುವುದು ನದಿಯಲ್ಲಿ ತೇಲಿಬರುವ ಪೀಚ್ ಹಣ್ಣಿನಲ್ಲಿ. ಚಿತ್ರಗಳ ಅನುಕ್ರಮವೂ ಇಂತಹುದೇ. ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಚಿತ್ರಗಳನ್ನು ಎಡದಿಂದ ಬಲಕ್ಕೆ ಇಟ್ಟರೆ, ಬಲದಿಂದ ಎಡಕ್ಕೆ ಓದುವ ಅರಬ್ಬಿ ಓದುಗನಿಗೆ ಅದು ತಿರುಗುಮುರುಗಾಗಿ ಕಾಣಬಹುದು.

ಇಂತಹ ದೋಷವನ್ನು ಮುದ್ರಣಕ್ಕೆ ಮೊದಲೇ ಕಂಡುಹಿಡಿಯಲು ಎರಡು ಹಂತಗಳಿವೆ. ಅನುವಾದವನ್ನು ಮೂಲವನ್ನು ನೋಡದ ಬೇರೊಬ್ಬರಿಂದ ಮತ್ತೆ ಮೂಲ ಭಾಷೆಗೆ ತಿರುಗಿಸುವುದು ಮೊದಲನೆಯದು. ಬಳಿಕ ಆ ದೇಶದ ಹತ್ತು ಮಂದಿ ಗ್ರಾಹಕರಿಗೆ ಪೊಟ್ಟಣವನ್ನು ತೋರಿಸಿ ‘ಚೆನ್ನಾಗಿದೆಯೇ?’ ಎಂದು ಕೇಳದೆ, ‘ಇದು ಏನು? ಯಾರಿಗಾಗಿ? ಯಾವಾಗ ಬಳಸುತ್ತಾರೆ?’ ಎಂದು ಕೇಳಬೇಕು. ಮೊದಲ ಬಗೆಯ ಪ್ರಶ್ನೆಗೆ ಸೌಜನ್ಯದ ಉತ್ತರ ಬರುತ್ತದೆ. ಎರಡನೆಯ ಬಗೆಗೆ ಅರ್ಥವಾದದ್ದು ಹೊರಬರುತ್ತದೆ.

ಸಣ್ಣ ಘಟಕದ ಲೆಕ್ಕ

ಅಗರಬತ್ತಿ ತಯಾರಿಸುವ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳಬಹುದು. ದೇವರ ಚಿತ್ರವಿರುವ ಅದರ ಪೊಟ್ಟಣ ಮಲೇಷಿಯಾದ ಹಿಂದೂ ಕುಟುಂಬಗಳಿಗೆ ಪೂಜೆಯ ವಸ್ತುವಾಗಿ ಸರಿಹೊಂದುತ್ತದೆ. ಜರ್ಮನಿಯ ಗ್ರಾಹಕನು ಅದೇ ಬತ್ತಿಯನ್ನು ಕೋಣೆಯ ಸುವಾಸನೆಗಾಗಿ ಕೊಳ್ಳುತ್ತಾನೆ. ಇಲ್ಲಿ ಭಾಷೆಯ ಜೊತೆಗೆ ಬಳಕೆಯ ಉದ್ದೇಶವೇ ಬೇರೆಯಾಗಿರುವುದರಿಂದ ಪದಗಳನ್ನು ಮಾತ್ರ ಜರ್ಮನ್ ಭಾಷೆಗೆ ತಿರುಗಿಸಿದರೆ ಸಾಲದು.

ಲೆಕ್ಕದ ಸೌಲಭ್ಯಕ್ಕಾಗಿ, ಜರ್ಮನಿಗೆ ಪ್ರತ್ಯೇಕ ಪೊಟ್ಟಣ ಮಾಡಿಸಲು ವಿನ್ಯಾಸ ಮತ್ತು ಅನುವಾದಕ್ಕೆ ರೂ. 15,000, ಗ್ರಾಹಕರ ಪರೀಕ್ಷೆಗೆ ರೂ. 5,000, ಪ್ಲೇಟ್ ಮತ್ತು ಯಂತ್ರ ಹೊಂದಿಸಲು ರೂ. 5,000 ತಗಲುತ್ತದೆ ಎಂದಿಟ್ಟುಕೊಳ್ಳೋಣ. ಹಲವರು ಮರೆಯುವ ಬಾಬ್ತು ಇನ್ನೊಂದಿದೆ. ಮುದ್ರಕರು ಒಪ್ಪುವ ಕನಿಷ್ಠ ಪ್ರಮಾಣಕ್ಕಿಂತ ಬೇಡಿಕೆ ಕಡಿಮೆಯಿದ್ದರೆ ಉಳಿದ ಪೊಟ್ಟಣಗಳು ಬೇರೆ ದೇಶಕ್ಕೆ ಉಪಯೋಗವಾಗದೆ ವ್ಯರ್ಥವಾಗುತ್ತವೆ. ಇದಕ್ಕೆ ರೂ. 10,000 ಸೇರಿಸಿದರೆ ಒಟ್ಟು ರೂ. 35,000.

ಪ್ರತಿ ಪೊಟ್ಟಣದಲ್ಲಿ ಬದಲಾಗುವ ವೆಚ್ಚಗಳನ್ನು ಕಳೆದು ರೂ. 7 ಉಳಿಯುವುದಾದರೆ, ಮಾರ್ಪಾಡಿನ ವೆಚ್ಚ ಹಿಂದಿರುಗಲು 5,000 ಪೊಟ್ಟಣಗಳ ಹೆಚ್ಚುವರಿ ಮಾರಾಟ ಬೇಕು. ಆ ದೇಶದ ಮಾರಾಟ 80,000 ಪೊಟ್ಟಣಗಳಿದ್ದರೆ ಇದು ಶೇ. 6.25ರ ಏರಿಕೆ, ಸಾಧ್ಯವಾದ ಮಾತು. ಮಾರಾಟ 8,000 ಮಾತ್ರವಿದ್ದರೆ ಶೇ. 62.5ರ ಏರಿಕೆ ಬೇಕು. ಆಗ ಏಕರೂಪ ಪೊಟ್ಟಣವೇ ಲೇಸು.

ಈ ವೆಚ್ಚವನ್ನು ತಗ್ಗಿಸುವ ದಾರಿ ಮುದ್ರಣಾಲಯದಲ್ಲಿದೆ. ಎಲ್ಲ ದೇಶಗಳಿಗೂ ಒಪ್ಪುವ ಚಿತ್ರವೊಂದನ್ನು, ಉದಾಹರಣೆಗೆ ಮಲ್ಲಿಗೆ ಹೂವನ್ನು, ನಾಲ್ಕು ಬಣ್ಣದ ಪ್ಲೇಟುಗಳಲ್ಲಿ ಒಟ್ಟಿಗೇ ಮುದ್ರಿಸಿ ಹಾಳೆಗಳನ್ನು ದಾಸ್ತಾನು ಇಡಬೇಕು. ಬರಹವನ್ನೆಲ್ಲ ಪ್ರತ್ಯೇಕವಾದ ಒಂದು ಕಪ್ಪು ಪ್ಲೇಟಿನಲ್ಲಿಟ್ಟು, ಬೇಡಿಕೆ ಬಂದಾಗ ಆಯಾ ಭಾಷೆಯಲ್ಲಿ ಅದರ ಮೇಲೆ ಮುದ್ರಿಸಬೇಕು. ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳನ್ನು ಮಾತ್ರ ಬಳಸಬಾರದು. ಬಿಳಿ ಎಂಬುದು ಶಾಯಿಯಲ್ಲ. ಶಾಯಿ ಬೀಳದೆ ಉಳಿದ ಕಾಗದ. ಆ ಅಕ್ಷರ ಬದಲಾದರೆ ಹಿನ್ನೆಲೆಯ ಎಲ್ಲ ಪ್ಲೇಟುಗಳೂ ಬದಲಾಗಬೇಕಾಗುತ್ತದೆ. ಈ ಕ್ರಮದಿಂದ ವಿನ್ಯಾಸ ಮತ್ತು ಅನುವಾದ ರೂ. 12,000ಕ್ಕೂ, ಪ್ಲೇಟ್ ಮತ್ತು ವ್ಯರ್ಥ ತಲಾ ರೂ. 2,000ಕ್ಕೂ ಇಳಿದರೆ, ಪರೀಕ್ಷೆಯ ವೆಚ್ಚ ಸೇರಿ ಒಟ್ಟು ರೂ. 21,000 ಆಗುತ್ತದೆ, ಬೇಕಾದ ಹೆಚ್ಚುವರಿ ಮಾರಾಟ 3,000 ಪೊಟ್ಟಣಗಳಿಗೆ ಇಳಿಯುತ್ತದೆ.

ಕಾನೂನು ವಿಧಿಸುವ ಬರಹ ಈ ಲೆಕ್ಕಕ್ಕೆ ಸೇರುವುದಿಲ್ಲ. ಕೆನಡಾದಲ್ಲಿ ಗ್ರಾಹಕ ಪೊಟ್ಟಣಗಳ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲಿಯೂ ಇರಬೇಕು. ಇದರಲ್ಲಿ ಲಾಭನಷ್ಟದ ಆಯ್ಕೆಯಿಲ್ಲ. ಕಡ್ಡಾಯದ ಬರಹವನ್ನು ಮೊದಲು ಬೇರ್ಪಡಿಸಿ, ಉಳಿದ ಸಂದೇಶದಲ್ಲಿ ಬಳಕೆಯ ಉದ್ದೇಶ ಅಥವಾ ಸಂಬೋಧನೆ ಎಲ್ಲಿ ಭಿನ್ನವಾಗುತ್ತದೆಂದು ಗುರುತಿಸಿ, ಆ ಭಾಗದ ಮಾರ್ಪಾಡಿಗೆ ಮಾತ್ರ ಮೇಲಿನ ಲೆಕ್ಕವನ್ನು ಅನ್ವಯಿಸುವುದು ಸರಿಯಾದ ಕ್ರಮ.