ಪುಟಗಳ ನಡುವೆ ಕಳೆದುಹೋಗುವ ಸಾಲು

ಪರೀಕ್ಷೆಯ ಫಲಿತಾಂಶವನ್ನು ಕಂಪ್ಯೂಟರಿನ ತೆರೆಯ ಮೇಲೆ ಪುಟಪುಟವಾಗಿ ನೋಡುತ್ತ ಹೋಗುವಾಗ ಒಮ್ಮೊಮ್ಮೆ ಒಂದು ವಿಚಿತ್ರವು ಕಂಡುಬರುವುದುಂಟು. ಮೊದಲನೆಯ ಪುಟದಲ್ಲಿದ್ದ ವಿದ್ಯಾರ್ಥಿಯೇ ಎರಡನೆಯ ಪುಟದಲ್ಲಿಯೂ ಕಾಣಿಸಿಕೊಳ್ಳುತ್ತಾನೆ. ಇನ್ನೊಬ್ಬನು ಯಾವ ಪುಟದಲ್ಲಿಯೂ ಸಿಕ್ಕುವುದಿಲ್ಲ. ಕಣ್ಣಿನಿಂದ ಓದುವವರಿಗೆ ಇದು ಬರಿಯ ಕಿರಿಕಿರಿ. ಆದರೆ ಅದೇ ಪುಟಗಳನ್ನು ಓದಿಕೊಂಡು ಸಂದರ್ಶನದ ಕರೆಯೋಲೆಗಳನ್ನು ಕಳುಹಿಸುವ ಪ್ರೋಗ್ರಾಮೊಂದಿದ್ದರೆ, ಒಬ್ಬನಿಗೆ ಎರಡು ಓಲೆಗಳು ಹೋಗಿ ಮತ್ತೊಬ್ಬನಿಗೆ ಒಂದೂ ಹೋಗದಿರಬಹುದು. ಯಂತ್ರವೇನೂ ಕೆಟ್ಟಿಲ್ಲ; ಕೋಷ್ಟಕದಲ್ಲಿ ಯಾರೂ ಒಂದಕ್ಷರವನ್ನೂ ತಿದ್ದಿಲ್ಲ. ಹಾಗಾದರೆ ಇದಕ್ಕೆ ಕಾರಣವೇನು?

ನಾಲ್ವರು ವಿದ್ಯಾರ್ಥಿಗಳ ಪುಟ್ಟ ಕೋಷ್ಟಕವೊಂದನ್ನು ತೆಗೆದುಕೊಳ್ಳೋಣ. 101, 102 ಮತ್ತು 103 ಎಂಬ ಕ್ರಮಸಂಖ್ಯೆಯವರಿಗೆ ತಲಾ 60 ಅಂಕಗಳು, 104ಕ್ಕೆ 90. ಪುಟಕ್ಕೆ ಎರಡೆರಡು ಸಾಲುಗಳಂತೆ, ಹೆಚ್ಚು ಅಂಕದವರು ಮೊದಲು ಬರುವಂತೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಹೀಗೆ ಕೇಳುತ್ತೇವೆ:

```
SELECT roll, marks FROM results
ORDER BY marks DESC
LIMIT 2 OFFSET 0;
```

ಎರಡನೆಯ ಪುಟಕ್ಕೆ ಕೊನೆಯ ಸೊನ್ನೆಯ ಸ್ಥಾನದಲ್ಲಿ 2 ಎಂದು ಬರೆಯುತ್ತೇವೆ. ಇದು ಮೊದಲಿನ ಪ್ರಶ್ನೆಯ ಮುಂದುವರಿಕೆಯಲ್ಲ, ಬೇರೆಯೇ ಒಂದು ಪ್ರಶ್ನೆ ಎಂಬುದನ್ನು ಓದುಗರು ಗಮನಿಸಬೇಕು. ಹಿಂದೆ ಏನನ್ನು ಕೊಟ್ಟೆನೆಂಬ ನೆನಪು ಡೇಟಾಬೇಸಿಗೆ ಇರುವುದಿಲ್ಲ. ಅದು ಹೊಸದಾಗಿ ಮೊದಲ ನಾಲ್ಕು ಸಾಲುಗಳನ್ನು ಆರಿಸಿ, ಎರಡನ್ನು ಎಸೆದು, ಉಳಿದೆರಡನ್ನು ಕೊಡುತ್ತದೆ.

ಆರಿಸುವ ಬಗೆಯನ್ನು ಈಗ ನೋಡೋಣ. ಲಕ್ಷಾಂತರ ಸಾಲುಗಳಲ್ಲಿ ಎರಡೇ ಬೇಕಾಗಿರುವಾಗ ಎಲ್ಲವನ್ನೂ ಜೋಡಿಸುವುದು ವ್ಯರ್ಥಶ್ರಮ. ಆದುದರಿಂದ ಯಂತ್ರವು ಎರಡೇ ಸಾಲು ಹಿಡಿಯುವ ಬುಟ್ಟಿಯೊಂದನ್ನು ಇಟ್ಟುಕೊಳ್ಳುತ್ತದೆ ಎನ್ನೋಣ. ಬುಟ್ಟಿಯಲ್ಲಿ ಅತ್ಯಂತ ಕಡಮೆ ಅಂಕದ ಸಾಲು ಸದಾ ಮೇಲಿರುತ್ತದೆ. ಹೊಸ ಸಾಲು ಅದಕ್ಕಿಂತ ಉತ್ತಮವಾಗಿದ್ದರೆ ಮಾತ್ರ ಅದನ್ನು ಹೊರದೂಡಿ ಒಳಹೋಗುತ್ತದೆ. ಸಮನಾಗಿದ್ದರೆ ಹೊರಗೇ ಉಳಿಯುತ್ತದೆ.

ಮೊದಲನೆಯ ಪುಟಕ್ಕಾಗಿ 101 ಮತ್ತು 102 ಬುಟ್ಟಿಯನ್ನು ಸೇರುತ್ತವೆ, 101 ಮೇಲಿದೆ. 103ರ ಅಂಕವೂ ಅಷ್ಟೇ ಆದುದರಿಂದ ಅದಕ್ಕೆ ಪ್ರವೇಶವಿಲ್ಲ. ಅನಂತರ ಬಂದ 104, ಮೇಲಿರುವ 101ನ್ನು ಹೊರದೂಡುತ್ತದೆ. ಉಳಿದವು 104 ಮತ್ತು 102. ಇದೇ ಮೊದಲನೆಯ ಪುಟ.

ಎರಡನೆಯ ಪುಟಕ್ಕಾಗಿ ನಾಲ್ಕು ಸಾಲು ಹಿಡಿಯುವ ಬುಟ್ಟಿ ಬೇಕು. ಈ ಸಲ ಯಾರನ್ನೂ ಹೊರದೂಡುವ ಪ್ರಮೇಯವಿಲ್ಲ. ಎಲ್ಲರೂ ಒಳಗೇ ಇರುತ್ತಾರೆ. ಬುಟ್ಟಿಯನ್ನು ಮೇಲಿನಿಂದ ಬರಿದು ಮಾಡಿದರೆ 101, 102, 103, 104 ಎಂಬ ಕ್ರಮದಲ್ಲಿ ಸಾಲುಗಳು ಹೊರಬರುತ್ತವೆ. ಕಡಮೆ ಅಂಕದವು ಮೊದಲು ಬಂದುದರಿಂದ ಪಟ್ಟಿಯನ್ನು ತಿರುಗಿಸಬೇಕು: 104, 103, 102, 101. ಇದರಲ್ಲಿ ಮೊದಲೆರಡನ್ನು ಎಸೆದರೆ ಎರಡನೆಯ ಪುಟದಲ್ಲಿ ಉಳಿಯುವವು 102 ಮತ್ತು 101. ಹೀಗೆ 102 ಎರಡು ಬಾರಿ ಬಂದಿತು. ಪಾಪ, 103 ಎಲ್ಲಿಯೂ ಇಲ್ಲ!

ಎರಡು ಉತ್ತರಗಳೂ ಪ್ರತ್ಯೇಕವಾಗಿ ಸರಿಯೇ ಎಂಬುದು ಇಲ್ಲಿಯ ಸ್ವಾರಸ್ಯ. ಅಂಕಗಳ ಇಳಿಕೆಯ ಕ್ರಮವನ್ನಷ್ಟೇ ನಾವು ಕೇಳಿದ್ದೆವು. ಸಮಾನ ಅಂಕದವರಲ್ಲಿ ಯಾರು ಮೊದಲೆಂದು ಹೇಳಿರಲಿಲ್ಲ. 1970ರಲ್ಲಿ ಕಾಡ್ ಎಂಬ ವಿಜ್ಞಾನಿಯು ರೂಪಿಸಿದ ಸಂಬಂಧ ಮಾದರಿಯಲ್ಲಿ ಸಾಲುಗಳಿಗೆ ತಮ್ಮದೇ ಆದ ಕ್ರಮವೆಂಬುದಿಲ್ಲ. ನಾವು ಹೇಳದೆ ಬಿಟ್ಟುದನ್ನು ಯಂತ್ರವು ತನ್ನ ಅನುಕೂಲದಂತೆ ತೀರ್ಮಾನಿಸುತ್ತದೆ.

ನಮ್ಮ ಉದಾಹರಣೆ ಚಿಕ್ಕ ಮಾದರಿ ಮಾತ್ರ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ನಾಲ್ಕು ಸಾಲುಗಳಿಗೆ ಬುಟ್ಟಿಯನ್ನು ಹೂಡುವುದಿಲ್ಲ. ಸಾಲುಗಳು ಹೆಚ್ಚಾದಾಗ ಹೂಡುತ್ತದೆ. ಆಗ ಪ್ರಶ್ನೆಯ ಮುಂದೆ `EXPLAIN ANALYZE` ಎಂದು ಬರೆದು ನೋಡಿದರೆ `top-N heapsort` ಎಂಬ ಹೆಸರು ಕಾಣುತ್ತದೆ. ಪುಟಗಳು ಮುಂದೆ ಸರಿದಂತೆ ಆ ಹೆಸರು ಮಾಯವಾಗಿ `quicksort` ಎಂದಾಗಬಹುದು. ಜೋಡಿಸುವ ವಿಧಾನವೇ ಬದಲಾದ ಮೇಲೆ ಸಮಾನರ ಕ್ರಮವು ಹಾಗೆಯೇ ಉಳಿದೀತೆಂದು ನಂಬುವಂತಿಲ್ಲ.

ಈ ದೋಷವು ಎಣಿಕೆಗೆ ಸಿಕ್ಕುವುದೂ ಕಷ್ಟ. ನಾಲ್ಕು ಸಾಲುಗಳು ಬರಬೇಕಿತ್ತು, ನಾಲ್ಕೇ ಬಂದಿವೆ. ಒಂದು ತಪ್ಪಿದಲ್ಲಿ ಇನ್ನೊಂದು ಎರಡು ಬಾರಿ ಬಂದು ಲೆಕ್ಕವನ್ನು ಸರಿದೂಗಿಸಿದೆ. ಬೇರೆಬೇರೆ ಕ್ರಮಸಂಖ್ಯೆಗಳೆಷ್ಟು ಎಂದು ಎಣಿಸಿದರೆ ಮಾತ್ರ ಮೂರೆಂದು ತಿಳಿಯುತ್ತದೆ.

ಪರಿಹಾರವು ಒಂದು ಪದದಷ್ಟೇ:

```
ORDER BY marks DESC, roll
```

ಕ್ರಮಸಂಖ್ಯೆಯು ಇಬ್ಬರಿಗೆ ಒಂದೇ ಆಗಿರಲಾರದು. ಆದುದರಿಂದ ಇನ್ನು ಸಮಾನರೇ ಇಲ್ಲ, ಸಾಧ್ಯವಿರುವ ಕ್ರಮವೂ ಒಂದೇ. ಕ್ರಮಸಂಖ್ಯೆಯ ಬದಲು ಹೆಸರನ್ನು ಸೇರಿಸಿದರೆ ಸಾಲದು, ಒಂದೇ ಹೆಸರಿನವರು ಇಬ್ಬರಿರಬಹುದಷ್ಟೆ.

ಇಷ್ಟು ಮಾಡಿದರೂ ಒಂದು ತೊಡಕು ಉಳಿಯುತ್ತದೆ. ನಾವು ಮೊದಲನೆಯ ಪುಟವನ್ನು ಓದುತ್ತಿರುವಾಗಲೇ 95 ಅಂಕದ ಹೊಸಬನೊಬ್ಬನು ಕೋಷ್ಟಕವನ್ನು ಸೇರಿದರೆ ಎಲ್ಲರೂ ಒಂದೊಂದು ಸ್ಥಾನ ಕೆಳಗಿಳಿದು, ಕಂಡವನೇ ಮತ್ತೆ ಕಾಣುತ್ತಾನೆ. ಇದಕ್ಕೆ ಸ್ಥಾನವನ್ನು ಎಣಿಸುವುದನ್ನೇ ಬಿಟ್ಟು, ಕೊನೆಗೆ ಕಂಡ ಸಾಲಿನಿಂದ ಮುಂದಕ್ಕೆ ಕೇಳಬೇಕು. ಹೊಸ ಕ್ರಮದಲ್ಲಿ ಮೊದಲನೆಯ ಪುಟವು 60 ಅಂಕದ 101ರಲ್ಲಿ ಮುಗಿಯುವುದರಿಂದ, ಎರಡನೆಯ ಪುಟದ ಪ್ರಶ್ನೆ ಹೀಗಿರುತ್ತದೆ:

```
SELECT roll, marks FROM results
WHERE marks < 60
   OR (marks = 60 AND roll > 101)
ORDER BY marks DESC, roll
LIMIT 2;
```

ಈಗ 102 ಮತ್ತು 103 ಬರುತ್ತವೆ. ಮೇಲೆ ಎಷ್ಟು ಮಂದಿ ಹೊಸಬರು ಸೇರಿದರೂ ಅವುಗಳ ಸರದಿ ತಪ್ಪುವುದಿಲ್ಲ. ಆದರೆ ಎಣಿಕೆಯನ್ನು ಕೈಬಿಟ್ಟುದರಿಂದ, ನೇರವಾಗಿ ನಲವತ್ತನೆಯ ಪುಟಕ್ಕೆ ನೆಗೆಯುವ ಸೌಕರ್ಯವನ್ನು ಮಾತ್ರ ನಾವು ಬಿಟ್ಟುಕೊಡಬೇಕಾಗುತ್ತದೆ.