ಫೋಟೊ ಹಿಗ್ಗಿಸಿದಾಗ ಹೊಸ ಚುಕ್ಕಿಗಳು ಎಲ್ಲಿಂದ ಬರುತ್ತವೆ?

ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಹಳೆಯ ಫೋಟೊವೊಂದನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 1200 ಅಡ್ಡಕ್ಕೆ, 1800 ಉದ್ದಕ್ಕೆ ಪಿಕ್ಸೆಲ್‌ಗಳು ಸಿಗುತ್ತವೆ. ಅದನ್ನೇ ಹನ್ನೆರಡು–ಹದಿನೆಂಟು ಇಂಚಿಗೆ ಹಿಗ್ಗಿಸಿ ಅಷ್ಟೇ ದಟ್ಟವಾಗಿ ಮುದ್ರಿಸಬೇಕಾದರೆ 3600ಕ್ಕೆ 5400 ಬೇಕು. ಅಂದರೆ ಒಂದು ಪಿಕ್ಸೆಲ್ ಇದ್ದ ಕಡೆ ಒಂಬತ್ತು. ಅವುಗಳಲ್ಲಿ ಎಂಟನ್ನು ಕ್ಯಾಮೆರಾವಾಗಲಿ ಸ್ಕ್ಯಾನರ್ ಆಗಲಿ ಕಂಡೇ ಇಲ್ಲ. ಸಾಫ್ಟ್‌ವೇರ್ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಲೆಕ್ಕಹಾಕಿ ತುಂಬುತ್ತದೆ. ಈ ಲೆಕ್ಕಕ್ಕೇ ಇಂಟರ್‌ಪೊಲೇಶನ್ ಎನ್ನುತ್ತಾರೆ. ನಿಯರೆಸ್ಟ್ ನೈಬರ್, ಬೈಲಿನಿಯರ್, ಬೈಕ್ಯೂಬಿಕ್, ಲಾಂಕ್ಜೋಸ್ ಎಂಬ ನಾಲ್ಕು ವಿಧಾನಗಳಲ್ಲಿ ಯಾವುದೂ ಫೋಟೊದಲ್ಲಿ ಇಲ್ಲದ ವಿವರವನ್ನು ತಂದುಕೊಡುವುದಿಲ್ಲ. ಎಷ್ಟು ನೆರೆಯವರನ್ನು ಕೇಳುತ್ತವೆ, ಯಾರ ಮಾತಿಗೆ ಎಷ್ಟು ತೂಕ ಕೊಡುತ್ತವೆ ಎಂಬುದರಲ್ಲಷ್ಟೇ ಅವು ಬೇರೆ.

ಫೋಟೊದಲ್ಲಿ ಬೆಳ್ಳನೆಯ ಆಕಾಶಕ್ಕೆ ಎದುರಾಗಿ ಹಂಚಿನ ಮಾಡಿನ ಕಪ್ಪು ಅಂಚು ಇದೆ ಎಂದುಕೊಳ್ಳಿ. ಪಿಕ್ಸೆಲ್‌ನ ಹೊಳಪನ್ನು 0ಯಿಂದ 255ರವರೆಗೆ ಅಳೆಯುತ್ತಾರೆ. ಮಾಡಿನ ಪಿಕ್ಸೆಲ್‌ಗಳೆಲ್ಲ 50, ಆಕಾಶದವೆಲ್ಲ 200 ಇರಲಿ.

ನಿಯರೆಸ್ಟ್ ನೈಬರ್ ಹೊಸ ಚುಕ್ಕಿಗೆ ತೀರ ಹತ್ತಿರದ ಒಂದೇ ಪಿಕ್ಸೆಲ್‌ನ ಬೆಲೆಯನ್ನು ನಕಲು ಮಾಡುತ್ತದೆ. 50 ಅಥವಾ 200, ನಡುವೆ ಏನೂ ಇಲ್ಲ. ಓರೆಯಾದ ಮಾಡಿನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ; ಮುಖಗಳಿಗಂತೂ ಇದು ಸಲ್ಲದು. ಬೈಲಿನಿಯರ್ ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳನ್ನು ತೆಗೆದುಕೊಂಡು, ಹತ್ತಿರದ್ದಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ಹಾಕುತ್ತದೆ. ಅಂಚಿನ ನಟ್ಟನಡುವೆ ಬಿದ್ದ ಚುಕ್ಕಿ 125 ಆಗುತ್ತದೆ. ಸರಾಸರಿಯಾದ್ದರಿಂದ ಇದರ ಉತ್ತರ ಎಂದೂ 50ಕ್ಕಿಂತ ಕಪ್ಪಾಗದು, 200ಕ್ಕಿಂತ ಬೆಳ್ಳಗಾಗದು. ಹಾಗಾಗಿ ಚಿತ್ರ ಮೃದುವಾಗುತ್ತದೆ, ಸ್ವಲ್ಪ ಮಸುಕೂ ಆಗುತ್ತದೆ.

ಬೈಕ್ಯೂಬಿಕ್‌ನಲ್ಲಿ ವಿಷಯ ಕುತೂಹಲಕರವಾಗುವುದು ಇಲ್ಲಿಂದ. ಇದು ನಾಲ್ಕು ಸಾಲುಗಳಿಂದ ನಾಲ್ಕು ನಾಲ್ಕರಂತೆ ಹದಿನಾರು ಪಿಕ್ಸೆಲ್‌ಗಳನ್ನು ನೋಡುತ್ತದೆ, ಮತ್ತು ದೂರದವಕ್ಕೆ ಋಣ ತೂಕ ಕೊಡುತ್ತದೆ. ಅಂದರೆ ಅವನ್ನು ಕೂಡಿಸುವ ಬದಲು ಕಳೆಯುತ್ತದೆ. ರಾಬರ್ಟ್ ಕೀಸ್ 1981ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ಎರಡು ಪಿಕ್ಸೆಲ್‌ಗಳ ನಟ್ಟನಡುವಿನ ಚುಕ್ಕಿಗೆ ಒಂದು ಸಾಲಿನ ತೂಕಗಳು −1, 9, 9, −1. ಮೊತ್ತವನ್ನು 16ರಿಂದ ಭಾಗಿಸಬೇಕು. ಮಾಡಿನ ಕೊನೆಯ ಎರಡು ಕಪ್ಪು ಪಿಕ್ಸೆಲ್‌ಗಳ ನಡುವೆ ಲೆಕ್ಕ ಹಾಕಿ ನೋಡಿ:

```
(-50 + 9×50 + 9×50 - 200) / 16 = 40.6
```

ಎರಡೂ ಕಡೆ 50 ಇದ್ದರೂ ನಡುವೆ 41 ಬಂತು. ಅಂಚಿನ ಆಚೆ ಆಕಾಶದಲ್ಲಿ ಇದೇ ಲೆಕ್ಕ 209 ಕೊಡುತ್ತದೆ. ಅಂಚಿನ ಬಳಿ ಕಪ್ಪು ಇನ್ನಷ್ಟು ಕಪ್ಪಾಗಿ, ಬಿಳುಪು ಇನ್ನಷ್ಟು ಬೆಳ್ಳಗಾಗಿ, ಕಣ್ಣಿಗೆ ಅದು ಚುರುಕಾಗಿ ಕಾಣುತ್ತದೆ.

ಹಂಗೇರಿಯ ಗಣಿತಜ್ಞ ಕೊರ್ನೇಲಿಯಸ್ ಲಾಂಕ್ಜೋಸ್ ಹೆಸರಿನ ವಿಧಾನ ಇನ್ನೂ ಮುಂದೆ ಹೋಗಿ, ಸಾಮಾನ್ಯವಾಗಿ ಬಳಸುವ ಅದರ ರೂಪದಲ್ಲಿ 36 ಪಿಕ್ಸೆಲ್‌ಗಳನ್ನು ಕೇಳುತ್ತದೆ. ಅದೇ ಜಾಗದಲ್ಲಿ ಅದರ ಉತ್ತರ 33. ಆಕಾಶದ ಕಡೆ 217. ಚುರುಕು ಇನ್ನೂ ಹೆಚ್ಚು. ಆದರೆ ಅಂಚಿನಿಂದ ಒಂದು ಪಿಕ್ಸೆಲ್ ಹಿಂದಕ್ಕೆ ಸರಿದರೆ 54 ಬರುತ್ತದೆ: ಒಮ್ಮೆ ತಗ್ಗಿ, ಒಮ್ಮೆ ಉಬ್ಬಿ, ಕೊಳಕ್ಕೆ ಕಲ್ಲೆಸೆದಂತೆ ಅಲೆ ಹರಡುತ್ತದೆ. ರಿಂಗಿಂಗ್ ಎಂದು ಕರೆಯುವ ದೋಷ ಇದೇ. ಗುರುತಿಸಲು ಚಿತ್ರವನ್ನು ಪರದೆಯ ಮೇಲೆ ನೂರು ಪ್ರತಿಶತ ಗಾತ್ರದಲ್ಲಿಟ್ಟು, ಆಕಾಶಕ್ಕೆ ತಾಗಿದ ಕರೆಂಟ್ ತಂತಿ, ತೆಂಗಿನ ಗರಿ, ಮಾಡಿನ ಅಂಚುಗಳ ಪಕ್ಕ ನೋಡಿ. ತೆಳ್ಳನೆಯ ಬಿಳಿ ಗೆರೆ, ಅದರಾಚೆ ಮಸುಕಾದ ಇನ್ನೊಂದು ಗೆರೆ ಇದ್ದರೆ ಅದು ಫೋಟೊದ್ದಲ್ಲ, ಲೆಕ್ಕದ್ದು.

ಆದ್ದರಿಂದ ನನ್ನ ಆಯ್ಕೆ ಮೂಲ ಫೋಟೊವನ್ನು ನೋಡಿಯೇ ಹೊರತು ವಿಧಾನದ ಹೆಸರು ನೋಡಿ ಅಲ್ಲ. ಚೆನ್ನಾಗಿ ಫೋಕಸ್ ಆದ, ಕಡಿಮೆ ಸಂಕುಚಿಸಿದ ಚಿತ್ರದಲ್ಲಿ ಹುಲ್ಲು, ಕಲ್ಲಿನ ಕೆತ್ತನೆ, ಸೀರೆಯ ನೇಯ್ಗೆಯಂಥ ನವಿರು ವಿವರ ತುಂಬಿದ್ದರೆ ಲಾಂಕ್ಜೋಸ್ ಒಪ್ಪುತ್ತದೆ. ಅಲೆಗಳು ಆ ಗಿಜಿಗಿಜಿಯಲ್ಲಿ ಕಾಣುವುದಿಲ್ಲ. ಮುಖ, ಬಯಲು ಆಕಾಶ, ಮನೆಮಂದಿಯ ಗುಂಪು ಚಿತ್ರಗಳಿಗೆ ಬೈಕ್ಯೂಬಿಕ್ ಸಾಕು. ಫೋನಿನಿಂದ ಫೋನಿಗೆ ಹಲವು ಸಲ ದಾಟಿ ಬಂದ ಫೋಟೊದ ಕಥೆ ಬೇರೆ. ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಸಂಕುಚಿಸುತ್ತದೆ. ಸಂಕುಚನ ಅತಿಯಾದಾಗ ಚೌಕಗಳ ನಡುವೆ ಸುಳ್ಳು ಅಂಚುಗಳು ಮೂಡುತ್ತವೆ, ಲಾಂಕ್ಜೋಸ್ ಅವನ್ನೂ ನಿಜವಾದ ಅಂಚಿನಷ್ಟೇ ಶ್ರದ್ಧೆಯಿಂದ ಎತ್ತಿ ತೋರಿಸುತ್ತದೆ. ಅಂಥ ಚಿತ್ರಕ್ಕೆ ಬೈಲಿನಿಯರ್‌ನ ಮೃದುತ್ವವೇ ಒಳ್ಳೆಯದು.

ನಿಯರೆಸ್ಟ್ ನೈಬರ್‌ಗೂ ಅದರದೇ ಜಾಗವಿದೆ. ಮದುವೆ ಕರೆಯೋಲೆಯಲ್ಲಿ ಹಾಕುವ ಕ್ಯೂಆರ್ ಕೋಡ್‌ನಲ್ಲಿ ಕಪ್ಪು–ಬಿಳುಪಿನ ನಡುವೆ ಬೂದು ಬಣ್ಣಕ್ಕೆ ಅರ್ಥವಿಲ್ಲ. ಅದನ್ನು ಹಿಗ್ಗಿಸಲು ಇದೇ ಸರಿ. ಆದರೆ ಎರಡು, ಮೂರು, ನಾಲ್ಕು ಪಟ್ಟು ಎಂದು ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸಬೇಕು. ಒಂದೂವರೆ ಪಟ್ಟು ಮಾಡಿದರೆ ಕೆಲವು ಪಿಕ್ಸೆಲ್‌ಗಳು ಎರಡಾಗಿ, ಉಳಿದವು ಒಂದಾಗಿಯೇ ಉಳಿದು, ಚೌಕಗಳ ಅಗಲ ಏರುಪೇರಾಗುತ್ತದೆ.