ಹೊಲಿದ ಬಟ್ಟೆಗೆ ಚೀಟಿ ಬರೆಯುವಾಗ

ಸಂಘದ ಮೇಳಕ್ಕೆ ನಾವು ಹೊಲಿದ ಕುರ್ತಾಗಳಿಗೆ ‘ಕಾಟನ್’ ಎಂದಷ್ಟೇ ಚೀಟಿ ಹಚ್ಚಿದ್ದೆವು. ಕೊಂಡವರೊಬ್ಬರು ಬಿಸಿ ಇಸ್ತ್ರಿ ಇಟ್ಟಾಗ ಬಟ್ಟೆ ಹೊಳಪುಗಟ್ಟಿ ಮುದುಡಿತು. ಅದರಲ್ಲಿ ಪಾಲಿಯೆಸ್ಟರ್ ಬೆರೆತಿತ್ತು.

ನೂಲಿನ ಪಾಲನ್ನು ತೂಕದ ಲೆಕ್ಕದಲ್ಲಿ, ಹೆಚ್ಚಿನದನ್ನು ಮೊದಲಿಟ್ಟು ಬರೆಯಬೇಕು. 300 ಗ್ರಾಂ ಬಟ್ಟೆಯಲ್ಲಿ 210 ಗ್ರಾಂ ಹತ್ತಿ, ಉಳಿದದ್ದು ಪಾಲಿಯೆಸ್ಟರ್ ಇದ್ದರೆ ‘ಹತ್ತಿ 70%, ಪಾಲಿಯೆಸ್ಟರ್ 30%’. ಬಟ್ಟೆ ಕೊಳ್ಳುವಾಗಲೇ ಅಂಗಡಿಯವರಿಂದ ಇದನ್ನು ಬರೆಸಿಕೊಳ್ಳಿ.

ಚಿಹ್ನೆಗಳಲ್ಲಿ ನೀರಿನ ತೊಟ್ಟಿ ಒಗೆಯುವುದಕ್ಕೆ, ತ್ರಿಕೋನ ಬ್ಲೀಚಿಗೆ, ಚೌಕ ಒಣಗಿಸುವುದಕ್ಕೆ, ಇಸ್ತ್ರಿಪೆಟ್ಟಿಗೆ ಇಸ್ತ್ರಿಗೆ, ವೃತ್ತ ಡ್ರೈಕ್ಲೀನಿಂಗಿಗೆ. ಮೇಲೆ ಇಂಟು ಗುರುತಿದ್ದರೆ ಅದನ್ನು ಮಾಡಬಾರದು. ತೊಟ್ಟಿಯೊಳಗಿನ 40 ಎಂದರೆ ನೀರು 40 ಡಿಗ್ರಿ ಮೀರಬಾರದು. ಇಸ್ತ್ರಿಗೆ ಮೂರು ಚುಕ್ಕಿ ಎಂದರೆ ಹೆಚ್ಚು ಬಿಸಿ, ಎರಡು ಮಧ್ಯಮ, ಒಂದು ಕಡಿಮೆ. ಬೆರಕೆ ಬಟ್ಟೆಗೆ ಬಿಸಿ ಕಡಿಮೆ ತಡೆಯುವ ನೂಲೇ ಅಳತೆ. ಆ ಕುರ್ತಾಗೆ ಈಗ ನಾವು ಎರಡೇ ಚುಕ್ಕಿ ಹಾಕುತ್ತೇವೆ.